ಏಳು ವಿಕೆಟ್ಟೋ, ಎಂಟೋ?

ಕಾಸರಗೋಡಿನ ಕಡೆಯ ಒಬ್ಬ ಹಳೇ ಎಡಗೈ ಸ್ಪಿನ್ನರ್ ಬಗ್ಗೆ ಸ್ಮರಣ ಸಂಚಿಕೆ ಬರುವುದಿತ್ತು. ಅವರ ಮೊಮ್ಮಗಳು ಎರಡು ಸ್ಕೋರ್ ಪುಸ್ತಕ ತಂದು ಮೇಜಿನ ಮೇಲಿಟ್ಟಳು. "ಮಾಷ್ಟ್ರೇ, ಅಜ್ಜ ಒಂದೇ ಇನಿಂಗ್ಸ್‌ನಲ್ಲಿ ಎಂಟು ವಿಕೆಟ್ ತೆಗೆದಿದ್ದರಂತೆ. ಅದನ್ನು ಹಾಕಲೇಬೇಕು. ಒಮ್ಮೆ ನೋಡ್ತೀರಾ?" ಎಂದಳು.

ಪಂದ್ಯ 1954ರದ್ದು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಆ ಕಾಲದ ಪಂದ್ಯದ ಸುದ್ದಿಯನ್ನು ಮಂಗಳೂರಿನ ಹಳೇ ಪತ್ರಿಕೆಗಳಲ್ಲೇ ಹುಡುಕಬೇಕು. ಅಲ್ಲಿ ಸಿಕ್ಕಿದ್ದು ಎರಡೇ ಸಾಲು: ಎದುರಾಳಿ 112, ನಮ್ಮವರಿಗೆ ಗೆಲುವು. ಬೌಲರ್ ಹೆಸರೇ ಇಲ್ಲ. ಇನ್ನು ಪುಸ್ತಕವೇ ಗತಿ.

ಆ ಪುಟದ ಕೆಳಗಿನ ಮೂಲೆಯನ್ನು ಹುಳ ತಿಂದಿತ್ತು. ಬೌಲಿಂಗ್ ಲೆಕ್ಕ ಇರುವುದೇ ಅಲ್ಲಿ. ಅಜ್ಜನ ಸಾಲಿನ ಕೊನೆಯ ಎರಡು ಓವರಿನ ಚೌಕಗಳೂ ಒಟ್ಟು ರನ್ನೂ ವಿಕೆಟ್ಟೂ ಹೋಗಿದ್ದವು. ಆದರೆ ಮೇಲಿನ ಬ್ಯಾಟಿಂಗ್ ಭಾಗ ಪೂರ್ತಿ ಓದಲು ಬರುತ್ತಿತ್ತು. ಸ್ಕೋರ್ ಪುಸ್ತಕದ ಗುಣವೇ ಅದು. ಒಂದೇ ಚೆಂಡನ್ನು ಎರಡು ಕಡೆ ಬರೆದಿರುತ್ತಾರೆ, ಬ್ಯಾಟ್ಸ್‌ಮನ್ ಎದುರಿಗೊಮ್ಮೆ, ಬೌಲರ್ ಎದುರಿಗೊಮ್ಮೆ. ಒಂದು ಹರಿದರೆ ಇನ್ನೊಂದರಿಂದ ತೆಗೆಯಬಹುದು.

ಮೊದಲು ವಿಕೆಟ್. ಔಟಾದ ಬಗೆಯ ಪಕ್ಕದ ಕಾಲಮ್ಮಿನಲ್ಲಿ ಅಜ್ಜನ ಹೆಸರು ನಿಜವಾಗಿಯೂ ಎಂಟು ಸಲ ಇತ್ತು. ಮನೆಯವರು ಎಣಿಸಿದ್ದು ಇದನ್ನೇ. ಆದರೆ ಆರನೇ ಬ್ಯಾಟ್ಸ್‌ಮನ್ ಎದುರು 'ರನೌಟ್' ಎಂದು ಬರೆದು, ಮುಂದಿನ ಕಾಲಮ್ಮಿನಲ್ಲಿ ಅಜ್ಜನ ಹೆಸರು ಹಾಕಿದ್ದರು. ಆ ಓವರ್ ಅವರದು ಅಂತ ಸ್ಕೋರರ್ ಸುಮ್ನೆ ಬರೆದಿಟ್ಟಿರಬೇಕು. ರನೌಟ್ ಬೌಲರ್ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಬೌಲರ್‌ಗಳದ್ದು ಎರಡು, ರನೌಟ್ ಒಂದು, ಅಜ್ಜನದ್ದು ಏಳು. ಹತ್ತಕ್ಕೆ ಸರಿಹೋಯಿತು.

ಆಮೇಲೆ ರನ್. ಬ್ಯಾಟ್ಸ್‌ಮನ್‌ಗಳು ಹೊಡೆದದ್ದು 98. ಇತರೆ 14: ಬೈ 9, ಲೆಗ್‌ಬೈ 2, ವೈಡ್ 2, ನೋಬಾಲ್ 1. ಕೂಡಿದರೆ 112, ಪತ್ರಿಕೆಯದ್ದೇ ಮೊತ್ತ. ಉಳಿದ ಬೌಲರ್‌ಗಳು ಕೊಟ್ಟ ರನ್ 61, ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗಾದರೆ ಅಜ್ಜ ಕೊಟ್ಟದ್ದೆಷ್ಟು? ಈಗಿನ ಪದ್ಧತಿಯಲ್ಲಿ ವೈಡ್, ನೋಬಾಲ್ ಕೂಡ ಬೌಲರ್ ತಲೆಗೇ ಬರುತ್ತವೆ. ಹಾಗೆ ಹಿಡಿದರೆ ಬೌಲರ್‌ಗಳ ಒಟ್ಟು 101, ಅಜ್ಜನದ್ದು 40. ಆದರೆ ಇದು 1980ರ ದಶಕದಲ್ಲಿ ಬಂದ ಪದ್ಧತಿ. ಅದಕ್ಕೆ ಮೊದಲು ಅವನ್ನು ಬೌಲರ್ ಲೆಕ್ಕಕ್ಕೆ ಹಾಕುತ್ತಿರಲಿಲ್ಲ. ಹಾಗೆ ನೋಡಿದರೆ ಒಟ್ಟು 98, ಅಜ್ಜನದ್ದು 37.

ಉಳಿದ ಚೌಕಗಳನ್ನು ಕೂಡಿದೆ, 31 ಬಂತು. ಹೋದ ಎರಡು ಓವರಿನಲ್ಲಿ 6 ರನ್ನೂ ಹೋಗಿರಬಹುದು, 9 ಕೂಡ ಹೋಗಿರಬಹುದು. ಇದರಿಂದ ಏನೂ ತೀರ್ಮಾನ ಆಗುವುದಿಲ್ಲ ಅಲ್ವಾ? ಹಾಗಾಗಿ ಅದೇ ಸ್ಕೋರರ್ ಬರೆದ, ಹರಿಯದ ಪುಟಗಳನ್ನು ತೆಗೆದು ಕೂಡಿಸಿದೆ. ಎಲ್ಲ ಕಡೆ ಬೌಲರ್‌ಗಳ ಒಟ್ಟು ಬ್ಯಾಟ್ಸ್‌ಮನ್‌ಗಳ ಒಟ್ಟಿಗೇ ಸಮ. ವೈಡ್ ಜಾಸ್ತಿ ಇದ್ದ ಪಂದ್ಯದಲ್ಲೂ ಹಾಗೇ. ಅಂದರೆ ಇವರು ಹಳೇ ಪದ್ಧತಿಯವರೇ. ಏಳು ವಿಕೆಟ್, 37 ರನ್.

ಮೊಮ್ಮಗಳ ಮುಖ ಸ್ವಲ್ಪ ಸಣ್ಣದಾಯಿತು. "ಎಂಟು ಅಂತಲೇ ಎಲ್ಲರೂ ಹೇಳ್ತಾರಲ್ಲ ಮಾಷ್ಟ್ರೇ." ನಾನು ಪುಟ ತಿರುಗಿಸಿ ರನೌಟ್ ಸಾಲು ತೋರಿಸಿದೆ. ಅವಳು ಬೆರಳಿಟ್ಟು ಓದಿದಳು, ಮತ್ತೆ ವಾದಿಸಲಿಲ್ಲ. ನನಗಂತೂ ಆ ಪಿಚ್ಚಿನಲ್ಲಿ ಏಳು ವಿಕೆಟ್ ತೆಗೆದವರ ಮೇಲೆ ಗೌರವ ಹೆಚ್ಚೇ ಆಯಿತು.

ಎರಡನೇ ಪುಸ್ತಕ ಇನ್ನೂ ಕಷ್ಟದ್ದು. ಅದರಲ್ಲಿ ಬ್ಯಾಟಿಂಗ್ ಪುಟಗಳು ಮಾತ್ರ ಉಳಿದಿದ್ದವು. ಅಜ್ಜನ ವಿಕೆಟ್ 18 ಸಿಕ್ಕವು, ಕೊಟ್ಟ ರನ್ ಒಂದೂ ಇಲ್ಲ. ಬೌಲರ್‌ಗಳು ಎರಡು ಮೂರು ಮಂದಿ ಇದ್ದಾಗ ಇಡೀ ಮೊತ್ತವನ್ನು ಅವರೊಳಗೆ ಹಂಚಲು ದಾರಿಯೇ ಇಲ್ಲ. ಮೊದಲ ಪುಸ್ತಕದ 43 ವಿಕೆಟ್‌ಗೆ ಮಾತ್ರ ರನ್ ಗೊತ್ತು. ಈಗ 61 ವಿಕೆಟ್‌ಗೆ 43ರ ರನ್ ಹಿಡಿದು ಭಾಗಿಸಿದರೆ ಸರಾಸರಿ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಅದು ಸುಳ್ಳು. ಒಟ್ಟು ವಿಕೆಟ್ 61 ಅಂತ ಬರೆದು, ಸರಾಸರಿಯನ್ನು 43ಕ್ಕೆ ಮಾತ್ರ ತೆಗೆದು, ಹಾಗಂತ ಕೆಳಗೆ ಹೇಳಬೇಕು. ಇಂಗ್ಲೆಂಡಿನ ಹತ್ತೊಂಬತ್ತನೇ ಶತಮಾನದ ಬೌಲರ್‌ಗಳ ದಾಖಲೆಗೂ ಇದೇ ಕ್ರಮ. ಡಬ್ಲ್ಯೂ. ಜಿ. ಗ್ರೇಸ್ ಅಂಥವರ ಶತಕಗಳನ್ನೇ ಕೆಲವರು 126 ಎನ್ನುತ್ತಾರೆ, ಕೆಲವರು 124. ಯಾವ ಪಂದ್ಯವನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದರಲ್ಲೇ ವ್ಯತ್ಯಾಸ.

ಎರಡನೇ ಪುಸ್ತಕಕ್ಕೆ ಇನ್ನೂ ಒಂದು ದಾರಿ ಇದೆ. ಪಂದ್ಯದಲ್ಲಿ ಎರಡೂ ತಂಡದ ಸ್ಕೋರರ್ ಪಕ್ಕಪಕ್ಕ ಕೂತು ಬರೆಯುತ್ತಾರೆ, ಆದ್ದರಿಂದ ಎದುರಾಳಿಗಳ ಬಳಿಯೂ ಒಂದು ಪುಸ್ತಕ ಇದ್ದಿರಬೇಕು. ಮೊಮ್ಮಗಳು ಆ ಪುಟಗಳಿಂದ ಎದುರಾಳಿ ತಂಡಗಳ ಹೆಸರು, ತಾರೀಕು ಬರೆದುಕೊಂಡಿದ್ದಾಳೆ. ಮಂಗಳೂರಿನ ಹಳೇ ಆಟಗಾರರ ಮನೆಗಳಲ್ಲಿ ವಿಚಾರಿಸಲು ಇಬ್ಬರೂ ಹೋಗುವುದು ಅಂತ ಮಾತಾಗಿದೆ.