ಪಾರ್ಲರ್ ಕಲಿಕಾರ್ಥಿಗಳ ಬಾಂಡ್‌ನಲ್ಲಿ ಯಾವ ಖರ್ಚು ಸೇರಬೇಕು, ಯಾವುದು ಸೇರಬಾರದು

ಕೆಲಸ ಕಲಿಯಲು ಬರುವ ಹುಡುಗಿಯರಿಂದ ಬಾಂಡ್ ಬರೆಸಿಕೊಳ್ಳುವುದು ಬ್ಯೂಟಿ ಪಾರ್ಲರ್‌ಗಳಲ್ಲಿ ಮಾಮೂಲು. ಐಬ್ರೋ, ವ್ಯಾಕ್ಸಿಂಗ್, ಫೇಶಿಯಲ್ ಕೈಗೆ ಹತ್ತುವ ಹೊತ್ತಿಗೆ ಪಕ್ಕದ ಬೀದಿಯವರು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಾರೆ ಎಂಬ ಮಾಲೀಕರ ಅಳಲು ಸುಳ್ಳಲ್ಲ. ಆದರೆ ಎರಡು ವರ್ಷದೊಳಗೆ ಬಿಟ್ಟರೆ ಐವತ್ತು ಸಾವಿರ ಕಟ್ಟಬೇಕು ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡವರನ್ನು ಆ ಮೊತ್ತ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ತುಮಕೂರಿನ ನಮ್ಮ ಪಾರ್ಲರ್‌ನಲ್ಲಿ ಸಿಬ್ಬಂದಿಯ ಜವಾಬ್ದಾರಿ ನನ್ನ ಕೈಗೆ ಬಂದ ಮೇಲೆ ನಾನು ಮೊದಲು ಹಾಕಿದ್ದು ಈ ಲೆಕ್ಕವನ್ನೇ.

ಮೊದಲ ಮೂರು ತಿಂಗಳು ಕಲಿಕಾರ್ಥಿಯಿಂದ ಆದಾಯವಿಲ್ಲ ಎನ್ನುವುದು ಮೇಲ್ನೋಟದ ಮಾತು. ಅವಳು ತನ್ನದೇ ಕಾಲಿನ ಮೇಲೆ ದಾರ ಹಿಡಿದು ಥ್ರೆಡ್ಡಿಂಗ್ ಅಭ್ಯಾಸ ಮಾಡುವಾಗ ಖರ್ಚಾಗುವುದು ಒಂದೆರಡು ದಾರದ ಉಂಡೆ, ಅಷ್ಟೇ. ಅದೇ ಹೊತ್ತಿನಲ್ಲಿ ಅವಳು ಟವೆಲ್ ಒಗೆಯುತ್ತಾಳೆ, ವ್ಯಾಕ್ಸ್ ಬಿಸಿ ಮಾಡಿಡುತ್ತಾಳೆ, ಕೂದಲು ಗುಡಿಸುತ್ತಾಳೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಎಂಟು ಐಬ್ರೋ ಮಾಡಿದರೂ, ಒಂದಕ್ಕೆ ಐವತ್ತು ರೂಪಾಯಿಯಂತೆ, ತಿಂಗಳ ಇಪ್ಪತ್ತೈದು ದಿನಕ್ಕೆ 10,000 ರೂಪಾಯಿ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಹೀಗಿರುವಾಗ ನಾವು ಕೊಟ್ಟ ಸ್ಟೈಪೆಂಡನ್ನೇ ತರಬೇತಿ ಖರ್ಚೆಂದು ಬಾಂಡ್‌ಗೆ ಸೇರಿಸುವುದು, ಮಾಡಿದ ಕೆಲಸದ ದುಡ್ಡನ್ನು ಮರಳಿ ಕೇಳಿದಂತೆ. ಆದ್ದರಿಂದ ಸ್ಟೈಪೆಂಡನ್ನೂ ಸೀನಿಯರ್‌ಗಳು ಹೇಳಿಕೊಟ್ಟ ಸಮಯವನ್ನೂ ಬಿಟ್ಟು, ಹೊರಗಿನವರಿಗೆ ಬಿಲ್ ಪಡೆದು ಕಟ್ಟಿದ ಹಣಕ್ಕೆ ಮಾತ್ರ ಬಾಂಡ್ ಬರೆಯುವುದೆಂದು ನಿರ್ಧರಿಸಿದೆವು.

ಒಂದು ಉದಾಹರಣೆ ಹೇಳುತ್ತೇನೆ. ಕೆಲಸ ಚೆನ್ನಾಗಿ ಕಲಿತಿದ್ದ ಒಬ್ಬಳನ್ನು ಹೇರ್ ಕಲರ್ ಮತ್ತು ಸ್ಟ್ರೇಟನಿಂಗ್ ಕೋರ್ಸಿಗೆ ಬೆಂಗಳೂರಿಗೆ ಕಳಿಸಿದಾಗ ಶುಲ್ಕ 18,000 ರೂಪಾಯಿ ಆಯಿತು. ಕೋರ್ಸ್ ಮುಗಿದ ದಿನದಿಂದ ಹನ್ನೆರಡು ತಿಂಗಳ ಬಾಂಡ್ ಬರೆದು, ದುಡಿದ ಪ್ರತಿ ತಿಂಗಳಿಗೂ 1,500 ರೂಪಾಯಿ ಇಳಿಯುತ್ತದೆ ಎಂದು ಅದರಲ್ಲೇ ನಮೂದಿಸಿದೆವು. ಏಳು ತಿಂಗಳ ಬಳಿಕ ಅವಳು ಬಿಡುವುದಾಗಿ ತಿಳಿಸಿದಾಗ ಬಾಕಿ ಐದು ತಿಂಗಳ 7,500 ರೂಪಾಯಿ ಮಾತ್ರ ಆಗಿತ್ತು. ಕೊನೆಯ ತಿಂಗಳ ಹಣವನ್ನು ತಡೆಹಿಡಿಯದೆ ಪೂರ್ತಿ ಕೊಟ್ಟು, ಬಾಕಿಯನ್ನು ಮೂರು ಕಂತಿನಲ್ಲಿ ಕಟ್ಟಲು ಒಪ್ಪಿಸಿದೆವು. ಮೊತ್ತ ಸಣ್ಣದಾಗಿದ್ದರಿಂದಲೇ ಅದು ವಸೂಲಾಯಿತು ಎಂಬುದು ನನ್ನ ಅನಿಸಿಕೆ.

ಕಾನೂನಿನ ದೃಷ್ಟಿಯಿಂದಲೂ ಈ ದಾರಿ ಗಟ್ಟಿ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ತಾನಾಗಿ ಸಿಗುವ ಹಕ್ಕಲ್ಲ; ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷದ ಸೇವಾ ಬಾಂಡನ್ನು ಎತ್ತಿಹಿಡಿಯಿತು ಎಂದು ನಮ್ಮವರು ಕೆಲವರು ಹಿಗ್ಗಿದರು. ಅದು ಸಾರ್ವಜನಿಕ ಬ್ಯಾಂಕಿನ ಅಧಿಕಾರಿ ಹುದ್ದೆಯ ವಿಷಯವಾಗಿತ್ತು. ತಿಂಗಳಿಗೆ ಆರೇಳು ಸಾವಿರ ಪಡೆಯುವ ಹುಡುಗಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಅಪ್ರೆಂಟಿಸ್ ಎಂಬ ಪದವನ್ನೂ ಜೋಪಾನವಾಗಿ ಬಳಸಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕರಾರು ನೋಂದಾಯಿಸದೆ ಬಾಯಿಮಾತಿಗೆ ಹಾಗೆ ಕರೆದರೆ, ನಾಳೆ ಅವಳನ್ನು ಸಾಮಾನ್ಯ ಕೆಲಸಗಾರಳೆಂದು ಪರಿಗಣಿಸಿ ಕನಿಷ್ಠ ವೇತನ ಏಕೆ ಕೊಟ್ಟಿಲ್ಲ ಎಂಬ ಪ್ರಶ್ನೆ ಏಳಬಹುದು. ನೋಂದಾಯಿಸಿದರೆ ಸ್ಟೈಪೆಂಡಿನ ಕೆಳಮಿತಿಯನ್ನು ನಿಯಮವೇ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಹತ್ತನೇ ತರಗತಿ ಮುಗಿಸಿದವರಿಗೆ ತಿಂಗಳಿಗೆ 6,000 ರೂಪಾಯಿ ಎಂದಿತ್ತು, ಕರಾರಿನ ದಿನ ಜಾರಿಯಲ್ಲಿರುವ ದರವನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಬೇಕು. ತರಬೇತಿಯ ನಂತರ ಇಂತಿಷ್ಟು ಕಾಲ ನಮ್ಮಲ್ಲೇ ದುಡಿಯಬೇಕೆಂಬ ಷರತ್ತಿಗೆ ಆ ಕಾಯ್ದೆ ಅವಕಾಶ ಕೊಡುತ್ತದೆ, ಆದರೆ ಆ ಅವಧಿಯಾಗಲಿ ಸಂಬಳವಾಗಲಿ ಸಮಂಜಸವಲ್ಲ ಎನಿಸಿದರೆ ಅದನ್ನು ಬದಲಿಸುವ ಅಧಿಕಾರ ಸರ್ಕಾರ ನೇಮಿಸುವ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗಿದೆ.

ನಮ್ಮ ಪಾರ್ಲರ್‌ನಲ್ಲಿ ಪ್ರತಿ ಕಲಿಕಾರ್ಥಿಗೂ ಒಂದು ನೋಟ್‌ಪುಸ್ತಕವಿದೆ. ಯಾವ ದಿನ ಏನು ಕಲಿತಳು, ಯಾರು ಹೇಳಿಕೊಟ್ಟರು ಎಂದು ಬರೆದು ಸೀನಿಯರ್ ಸಹಿ ಹಾಕುತ್ತಾರೆ. ಆರನೇ ತಿಂಗಳಲ್ಲೂ ಪುಟಗಳು ಬರೀ ಐಬ್ರೋ, ಅಪ್ಪರ್ ಲಿಪ್ ಎಂದೇ ತುಂಬಿದ್ದರೆ ಅವಳಿಗೆ ತರಬೇತಿ ನಡೆಯುತ್ತಿಲ್ಲ, ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುತ್ತಿದ್ದೇವೆ ಎಂದೇ ಅರ್ಥ. ಆ ಸ್ಥಿತಿಯಲ್ಲಿ, ಅಥವಾ ನಾವೇ ಅವಳನ್ನು ಕೆಲಸದಿಂದ ತೆಗೆದರೆ, ಬಾಂಡ್ ರದ್ದಾಗುತ್ತದೆ ಎಂಬ ಸಾಲು ಕರಾರಿನಲ್ಲಿದೆ. ಅನಾರೋಗ್ಯ, ಗರ್ಭಿಣಿಯಾಗುವುದು, ಇವಕ್ಕೂ ವಿನಾಯಿತಿ ಉಂಟು. ಮದುವೆಯಾಗಿ ಬೇರೆ ಊರಿಗೆ ಹೋಗುವವರಿಗೂ ಕೊಡಬೇಕೇ ಎಂಬುದರಲ್ಲಿ ಮಾಲಕಿಗೂ ನನಗೂ ಇನ್ನೂ ಒಮ್ಮತವಿಲ್ಲ.

ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿಯನ್ನು, ಸಹಿ ಹಾಕಿದ ಖಾಲಿ ಚೆಕ್ಕನ್ನು ನಾವು ಇಟ್ಟುಕೊಳ್ಳುವುದಿಲ್ಲ. ಬಿಟ್ಟ ಮೇಲೆ ಇದೇ ಬಡಾವಣೆಯಲ್ಲಿ ಪಾರ್ಲರ್ ತೆರೆಯಬಾರದು ಎಂಬ ಷರತ್ತನ್ನೂ ತೆಗೆದುಹಾಕಿದ್ದೇವೆ. ಒಬ್ಬರ ವೃತ್ತಿ, ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಅಸಿಂಧು ಎನ್ನುವ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅದು ನಿಲ್ಲುವುದಿಲ್ಲ. ಗ್ರಾಹಕರ ಫೋನ್ ನಂಬರ್ ಪಟ್ಟಿಯನ್ನು ನಕಲು ಮಾಡಿಕೊಂಡು ಹೋಗಬಾರದು ಎಂಬುದನ್ನು ಮಾತ್ರ ಉಳಿಸಿಕೊಂಡಿದ್ದೇವೆ.