ಜಾಯಿಂಟ್ ವೆಂಚರ್ ಬಿಡುವ ನೋಟಿಸ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಸರ್, ಜಾಯಿಂಟ್ ವೆಂಚರ್‌ನಿಂದ ಹೊರಗೆ ಬರ್ತಾ ಇದ್ದೀವಿ. ಒಂದು ಪುಟದ ನೋಟಿಸ್ ಫಾರ್ಮ್ಯಾಟ್ ಇದ್ರೆ ಕಳಿಸ್ತೀರಾ?"

ಇಲ್ಲ, ಕಳಿಸಲ್ಲ. ಕಳಿಸಿದರೆ ಏನಾಗುತ್ತದೆ ಗೊತ್ತು. ಹೆಸರು, ತಾರೀಖು ತುಂಬಿ ಅದೇ ಸಂಜೆ ಎದುರಿನವರಿಗೆ ರವಾನಿಸುತ್ತೀರಿ. ಮೂಲ ಒಪ್ಪಂದ ಬೀರುವಿನಿಂದ ಹೊರಗೆ ಬರುವುದು ಅವರ ವಕೀಲರ ಉತ್ತರ ಬಂದ ಮೇಲೆ. ಅದರ ಜೊತೆಗೇ ನನಗೆ ಫೋನೂ ಬರುತ್ತದೆ.

ವಿದ್ಯುತ್ ಕೆಲಸ ಮಾಡುವ ಒಂದು ಸಂಸ್ಥೆಯವರು ಹಾಗೇ ಮಾಡಿದ್ದರು. ಕಟ್ಟಡ ಕಟ್ಟುವ ಇನ್ನೊಂದು ಸಂಸ್ಥೆಯ ಜೊತೆ ಅವರದು 40:60 ಪಾಲು. ಬೇರೆ ಕಂಪನಿ ಮಾಡಿರಲಿಲ್ಲ, ಬರೀ ಒಪ್ಪಂದದ ಮೇಲೆ ನಡೆಯುತ್ತಿದ್ದ ಜಂಟಿ ಉದ್ಯಮ. ನೋಟಿಸ್‌ನಲ್ಲಿ ಬರೆದದ್ದು ಒಂದೇ ಸಾಲು: "ಇಂದಿನಿಂದ ನಮಗೂ ಈ ಉದ್ಯಮಕ್ಕೂ ಯಾವ ಸಂಬಂಧವೂ ಇರುವುದಿಲ್ಲ." ಕಳಿಸಿದ್ದು ಮೊಬೈಲ್ ಮೆಸೇಜ್‌ನಲ್ಲಿ.

ಒಪ್ಪಂದದಲ್ಲಿ ಇದ್ದದ್ದೇ ಬೇರೆ. 90 ದಿನದ ಲಿಖಿತ ನೋಟಿಸ್ ಕೊಡಬೇಕು, ಅದು ಇಂಥ ವಿಳಾಸಕ್ಕೆ ಹೋಗಬೇಕು, ತಲುಪಿದ ದಿನದಿಂದ ಲೆಕ್ಕ ಶುರು. ಎದುರಿನವರು ಆ "ಇಂದಿನಿಂದ" ಅನ್ನುವುದನ್ನೇ ಹಿಡಿದುಕೊಂಡರು. ಇದು ನೋಟಿಸೇ ಅಲ್ಲ, ನೀವು ಕೆಲಸ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದೀರಿ, ಅಂದರೆ ಒಪ್ಪಂದ ಮುರಿದಿದ್ದೀರಿ ಅಂದರು. ಮುರಿದವರ ಪಾಲನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಉಳಿದವರಿಗೆ ಇತ್ತು. ನಿಯಮದ ಪ್ರಕಾರ ಬಿಟ್ಟವರಿಗೆ ಪೂರ್ತಿ ಬೆಲೆ ಸಿಗುತ್ತಿತ್ತು. ಆದ್ದರಿಂದ ಯಾವ ಕಲಮಿನ ಅಡಿ ಬಿಡುತ್ತಿದ್ದೇವೆ, ಯಾವತ್ತಿನಿಂದ ಜಾರಿ, ಅಲ್ಲಿಯವರೆಗೆ ನಮ್ಮ ಕೆಲಸ ನಾವು ಮಾಡುತ್ತೇವೆ ಅನ್ನುವ ಮೂರು ಮಾತು ನೋಟಿಸ್‌ನ ಮೊದಲ ಪ್ಯಾರಾದಲ್ಲೇ ಇರಬೇಕು. ನಿಮಗೆ ಆದ ಅವಮಾನದ ಕಥೆ ಅಲ್ಲಿ ಬೇಡ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ: "ಪಾಲುದಾರನಿಗೆ ನೋಟಿಸ್ ಕೊಟ್ಟರೆ ಗ್ರಾಹಕನ ಕೈಯಿಂದಲೂ ಬಿಡುಗಡೆ ಸಿಗುತ್ತದಾ?" ಸಿಗಲ್ಲ. ಇಂಥ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಇಬ್ಬರೂ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ ಹೊಣೆ ಹೊತ್ತು ಸಹಿ ಹಾಕಿರುತ್ತೀರಿ. ಕೆಲಸ ನಿಂತರೆ ಗ್ರಾಹಕ ಪೂರ್ತಿ ನಷ್ಟವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ನಿಮ್ಮ ಪಾಲು 40 ಅನ್ನುವುದು ನಿಮ್ಮ ನಿಮ್ಮಲ್ಲಿನ ಮಾತು.

ಈ ವಿದ್ಯುತ್ ಸಂಸ್ಥೆಯವರು "ನಡೀತಿರೋದು ಒಂದೇ ಪ್ರಾಜೆಕ್ಟ್" ಅಂದಿದ್ದರು. ಕೂತು ನೋಡಿದರೆ ಮೂರು. ಅವರು ಎಣಿಸಿದ್ದು ಅರ್ಧ ಮುಗಿದಿದ್ದ ಒಂದನ್ನು ಮಾತ್ರ. ಅದಕ್ಕೆ ಗ್ರಾಹಕನೂ ಸೇರಿ ಮೂವರು ಸಹಿ ಹಾಕುವ ಹಸ್ತಾಂತರ ಪತ್ರ ಬೇಕಿತ್ತು. ಗ್ರಾಹಕ ಒಪ್ಪದಿದ್ದರೆ ತಮ್ಮ ಭಾಗ ಮುಗಿಸಿಕೊಟ್ಟೇ ಹೊರಡಬೇಕು. ಎರಡನೆಯದು ಮುಗಿದಿತ್ತು, ಆದರೆ ದೋಷ ಕಂಡರೆ ಸರಿಪಡಿಸಿಕೊಡುವ ಅವಧಿ ಇನ್ನೂ ಉಳಿದಿತ್ತು. ಬ್ಯಾಂಕ್ ಗ್ಯಾರಂಟಿಯೂ ಅವರ ಹೆಸರಲ್ಲೇ ಇತ್ತು. ಬದಲಿ ಗ್ಯಾರಂಟಿ ಕೊಟ್ಟು ಹಳೆಯದನ್ನು ವಾಪಸ್ ಪಡೆಯುವವರೆಗೆ ಅದು ಅವರ ತಲೆ ಮೇಲೇ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಹಾಕಿ ಕೂತ ಟೆಂಡರ್! ಫಲಿತಾಂಶ ಬಂದಿಲ್ಲ, ಆದರೆ ಬಿಡ್‌ನ ಅವಧಿ ಮುಗಿದಿಲ್ಲ. ಗುತ್ತಿಗೆ ಸಿಕ್ಕರೆ ಇಬ್ಬರೂ ಕಟ್ಟುಬೀಳುತ್ತೀರಿ. ಮಧ್ಯದಲ್ಲಿ ಹಿಂತೆಗೆದರೆ ಠೇವಣಿ ಹೋಗಬಹುದು. ಅದಕ್ಕೇ ನೋಟಿಸ್‌ಗೆ ಒಂದು ಪಟ್ಟಿ ಲಗತ್ತಿಸಿ, ಪ್ರತಿ ಕೆಲಸಕ್ಕೂ ಯಾರು ಮುಗಿಸುತ್ತಾರೆ ಅಂತ ಪ್ರಸ್ತಾಪ ಬರೆಯಿರಿ. ಮುಖ್ಯ ಪಾಲುದಾರನಿಗೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ ಕೊಟ್ಟಿದ್ದೀರಲ್ಲ? ನಿಮ್ಮ ಹೆಸರಲ್ಲಿ ಹೊಸ ಬಿಡ್ ಹಾಕದಂತೆ ಅದನ್ನು ಲಿಖಿತವಾಗಿ ಮಿತಿಗೊಳಿಸಿ.

ಆಸ್ತಿಯ ಬಗ್ಗೆ ಜಗಳ ಜೋರು, ಆದರೆ ಕೆಲಸ ಸುಲಭ. ಒಂದು ತಾರೀಖು ಹಿಡಿದು, ಅವತ್ತು ಇಬ್ಬರೂ ಸೇರಿ ಸಾಮಾನು ಎಣಿಸಿ ಸಹಿ ಹಾಕಿ. ನೀವು ತಂದು ಬಳಕೆಗೆ ಕೊಟ್ಟದ್ದು ಬೇರೆ, ಜಂಟಿ ಖಾತೆಯಿಂದ ಕೊಂಡದ್ದು ಬೇರೆ. ಮೊದಲನೆಯದು ಸಾಮಾನ್ಯವಾಗಿ ವಾಪಸ್ ಬರುತ್ತದೆ, ಎರಡನೆಯದಕ್ಕೆ ಬೆಲೆ ಕಟ್ಟಬೇಕು. ಸೈಟ್‌ನಲ್ಲಿ ಬಳಕೆಯಲ್ಲಿರುವ ಯಂತ್ರವನ್ನು ರಾತ್ರೋರಾತ್ರಿ ಲಾರಿಗೆ ಹೇರಬೇಡಿ. ಯಂತ್ರ ನಿಮ್ಮದೇ ಇರಬಹುದು, ಕೆಲಸ ನಿಲ್ಲಿಸಿದ ಆರೋಪವೂ ನಿಮ್ಮದೇ ಆಗುತ್ತದೆ.

ಗೋಪ್ಯತೆಗೆ ಬಂದರೆ ಎಲ್ಲರೂ "ಫೈಲ್ ವಾಪಸ್ ಕೊಟ್ಟಿದ್ದೀವಿ ಸರ್" ಅನ್ನುತ್ತಾರೆ. ಕಂಪ್ಯೂಟರ್‌ನ ಬ್ಯಾಕಪ್‌ನಲ್ಲಿ ಇರುವುದು? ಬಿಡ್ ಹಾಕುವಾಗ ಲೆಕ್ಕ ಹಾಕಿದ ದರಗಳು? ಒಪ್ಪಂದ ಮುಗಿದರೂ ಗೋಪ್ಯತೆಯ ಕಲಮು ಸಾಮಾನ್ಯವಾಗಿ ಕೆಲವು ವರ್ಷ ಬದುಕಿರುತ್ತದೆ. ಆದರೆ ಅತಿ ಬೇಗ ಸಿಕ್ಕಿಬೀಳುವುದು ನೋಟಿಸ್‌ನಿಂದಲೇ. ಸಿಟ್ಟಿನಲ್ಲಿ ಲಾಭ ಹಂಚಿಕೆ, ದರ, ತಕರಾರು ಎಲ್ಲ ಬರೆದು, ಗ್ರಾಹಕನಿಗೂ ಸರಬರಾಜುದಾರರಿಗೂ ಪ್ರತಿ ಕಳಿಸುತ್ತಾರೆ. ಎಷ್ಟೋ ಒಪ್ಪಂದಗಳಲ್ಲಿ ಅದರ ಷರತ್ತುಗಳೇ ಗೋಪ್ಯ, ಅಲ್ವಾ? ನೋಟಿಸ್ ಪಾಲುದಾರನಿಗೆ ಮಾತ್ರ. ಗ್ರಾಹಕನಿಗೆ ಬೇರೆ ಪತ್ರ: ಇಂಥ ತಾರೀಖಿನಿಂದ ಹೊರಬರಲು ನೋಟಿಸ್ ಕೊಟ್ಟಿದ್ದೇವೆ, ಅಲ್ಲಿಯವರೆಗೆ ಕೆಲಸ ಎಂದಿನಂತೆ ನಡೆಯುತ್ತದೆ, ಮುಂದಿನ ವ್ಯವಸ್ಥೆಗೆ ಭೇಟಿಯ ಸಮಯ ಕೊಡಿ. ಆ ಪತ್ರಕ್ಕೆ ಒಂದು ಪುಟ ಸಾಕು.