ತಿಂಗಳಿಗೆ ಒಂಬತ್ತು ಸಾವಿರ ಉಳಿಯುತ್ತೆ ಸಾರ್

ನನ್ನ ಸಾಲವನ್ನು ತನ್ನ ಬ್ಯಾಂಕಿಗೆ ಬದಲಾಯಿಸಿಕೊಳ್ಳಿ ಅನ್ನಲು ಒಬ್ಬ ಹುಡುಗ ಬಂದಿದ್ದ. ಮಂಗಳವಾರ ಸಂಜೆ ಹಾಲ್‌ನಲ್ಲಿ ಕೂತು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ. "ತಿಂಗಳಿಗೆ ಒಂಬತ್ತು ಸಾವಿರ ಉಳಿಯುತ್ತೆ ಸಾರ್." ಅಡುಗೆಮನೆಯಿಂದ ಅಮ್ಮ ಕೇಳಿದಳು, "ಸಾಲ ಯಾವಾಗ ತೀರುತ್ತೆ ಅಂತ ಕೇಳೋ." ನಾನು ಕೇಳಲಿಲ್ಲ. ಅವನನ್ನು ಕಳಿಸಿದ್ದು ಭಾವ. ದುಡ್ಡಿನ ವಿಷಯದಲ್ಲಿ ಭಾವನಿಗೆ ಧೈರ್ಯ ಜಾಸ್ತಿ, ಲೆಕ್ಕ ಕಮ್ಮಿ.

ನನ್ನ ಪರ್ಸನಲ್ ಲೋನ್‌ನಲ್ಲಿ ಅಸಲು 4 ಲಕ್ಷ ಬಾಕಿ ಇದೆ. ಬಡ್ಡಿ ಶೇ. 16, ಇನ್ನೂ 24 ಕಂತು, ತಿಂಗಳಿಗೆ 19,585 ರೂಪಾಯಿ. ಅವನ ಬ್ಯಾಂಕು ಕೊಡುವುದು ಶೇ. 12.5ಕ್ಕೆ, ಕಂತು 10,632. ಒಂಬತ್ತು ಸಾವಿರ ಇಳಿದದ್ದು ನಿಜವೇ. ಆದರೆ ಅದು 48 ತಿಂಗಳ ಕಂತು.

ರಾತ್ರಿ ಅಮ್ಮನ ಮಾತು ತಲೆಯಿಂದ ಹೋಗಲಿಲ್ಲ. ಎದ್ದು ಲೆಕ್ಕ ಹಾಕಿದೆ. ಈಗಿನ ಸಾಲವನ್ನೇ ಕಟ್ಟುತ್ತಾ ಹೋದರೆ ಇನ್ನು ಹೋಗುವ ಬಡ್ಡಿ ಸುಮಾರು 70,000. ಅವನ ಸಾಲಕ್ಕೆ ಹೋದರೆ 1,10,000. ಕಮ್ಮಿ ಬಡ್ಡಿಗೆ ಹೋಗಿ ನಲವತ್ತು ಸಾವಿರ ಜಾಸ್ತಿ ಕಟ್ಟುವುದು!

ಸರಿ, ಅವನಲ್ಲೂ 24 ತಿಂಗಳೇ ಇಟ್ಟುಕೊಂಡರೆ? ಬಡ್ಡಿಯಲ್ಲಿ ಸುಮಾರು 15,900 ಉಳಿಯುತ್ತೆ. ಆದರೆ ಹಳೇ ಬ್ಯಾಂಕು ಸಾಲ ಮುಂಚೆಯೇ ತೀರಿಸಿದ್ದಕ್ಕೆ ಬಾಕಿಯ ಮೇಲೆ ಶೇ. 4 ಕೇಳುತ್ತೆ, ಜಿಎಸ್‌ಟಿ ಸೇರಿ 18,880. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ ಶೇ. 1.5, ಜಿಎಸ್‌ಟಿ ಸೇರಿ 7,080. ಒಟ್ಟು 25,960. ಅಂದರೆ ಹತ್ತು ಸಾವಿರ ಕೈಯಿಂದ ಹೋಯಿತು.

ಇಲ್ಲೇ ಮೋಸ ಹೋಗುವುದು. ಶುಲ್ಕ ಇವತ್ತಿನ ಇಡೀ ನಾಲ್ಕು ಲಕ್ಷದ ಮೇಲೆ, ಒಂದೇ ಸಲ. ಬಡ್ಡಿಯ ಉಳಿತಾಯ ಮಾತ್ರ ತಿಂಗಳು ತಿಂಗಳು ಕರಗುವ ಅಸಲಿನ ಮೇಲೆ. ಬಾಯಿಲೆಕ್ಕ ಬೇಕಾದರೆ ಬಾಕಿಯ ಅರ್ಧವನ್ನು ಬಡ್ಡಿ ವ್ಯತ್ಯಾಸದಿಂದ, ಉಳಿದ ವರ್ಷಗಳಿಂದ ಗುಣಿಸಿ: 2 ಲಕ್ಷಕ್ಕೆ ಶೇ. 3.5, ಎರಡು ವರ್ಷ, 14,000. ಶುಲ್ಕ ಇದಕ್ಕಿಂತ ಜಾಸ್ತಿ ಇದ್ದರೆ ಅಲ್ಲಿಗೇ ಬಿಡಬಹುದು. ನನಗೆ ಇನ್ನೂ ನಾಲ್ಕು ವರ್ಷದ ಕಂತು ಬಾಕಿ ಇದ್ದಿದ್ದರೆ ಶುಲ್ಕ ಕಳೆದೂ ಏಳೆಂಟು ಸಾವಿರ ಉಳಿಯುತ್ತಿತ್ತು. ಹಳೇ ಬ್ಯಾಂಕು ಆ ಶೇ. 4 ಕೇಳದಿದ್ದರೆ ಈಗಲೂ ಲಾಭವೇ. ಅದಕ್ಕೇ ಮೊದಲು ಹಳೇ ಕರಾರುಪತ್ರದಲ್ಲಿ ಫೋರ್‌ಕ್ಲೋಷರ್ ಸಾಲು ಹುಡುಕಬೇಕು. ನಾನು ಅದನ್ನು ಓದಿದ್ದು ಮೊನ್ನೆ, ಸಹಿ ಹಾಕಿ ಎಷ್ಟೋ ದಿನವಾದ ಮೇಲೆ.

ಗುರುವಾರ ಹುಡುಗ ಮತ್ತೆ ಫೋನ್ ಮಾಡಿದ. ಪಾಪ, ಮರ್ಯಾದಸ್ಥ, ಟಾರ್ಗೆಟ್ ಇರುತ್ತೆ. "24 ತಿಂಗಳಿಗೆ ಎಷ್ಟಾಗುತ್ತಪ್ಪಾ ಕಂತು?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗೆ ಮಾಡಿದ್ರೆ ಏನೂ ಇಳಿಯಲ್ಲ ಸಾರ್. ಆರುನೂರೈವತ್ತು ಚಿಲ್ಲರೆ."

ಅಮ್ಮ ಒಳಗಿಂದ, "ಯಾರೋ ಅದು?"